ಫುಲ್ಕಾ ಯಾಕೆ ಉಬ್ಬಲ್ಲ? ಜೋಳದ ರೊಟ್ಟಿ ಬಡಿದ ಕೈಗೊಂದು ಮಾರ್ಗದರ್ಶಿ

ನಮ್ಮ ಕಲಬುರಗಿ ಕಡೆ ರೊಟ್ಟಿ ಅಂದರೆ ಜೋಳದ ರೊಟ್ಟಿ. ಗೋಧಿದು ಏನಿದ್ದರೂ ಚಪಾತಿ, ಅದೂ ಎಣ್ಣೆ ಹಚ್ಚಿ ಮಡಚಿ ಲಟ್ಟಿಸಿದ್ದು. ಎಣ್ಣೆ ಇಲ್ಲದ, ಬೆಂಕಿ ಮೇಲೆ ಚೆಂಡಿನ ಹಾಗೆ ಉಬ್ಬುವ ಫುಲ್ಕಾ ನಮ್ಮ ಮನೆಗೆ ಬಂದದ್ದು ಮಾವನವರ ಹಲ್ಲು ಹೋದ ಮೇಲೆ. ಅವರಿಗೆ ಮೆತ್ತಗಿನದೇ ಬೇಕು, ಎಣ್ಣೆ ಬೇಡ.

ಜೋಳದ ರೊಟ್ಟಿ ಬಡಿಯೋಕೆ ಬರುತ್ತೆ, ಇದೇನು ಮಹಾ ಅಂದುಕೊಂಡೆ. ರೊಟ್ಟಿಗೆ ಮಾಡಿದ ಹಾಗೇ ಕುದಿಯುವ ನೀರು ಹಾಕಿ ಹಿಟ್ಟು ಕಲಸಿದೆ. ಕಲಸಿದ ತಕ್ಷಣ ಲಟ್ಟಿಸಿದೆ. ತವಾದ ಮೇಲೆ ಹಾಕಿ, ರೂಢಿಯಂತೆ ಮೇಲೆ ನೀರೂ ಹಚ್ಚಿದೆ. ಒಂದೂ ಉಬ್ಬಲಿಲ್ಲ. ಅತ್ತೆ ಒಂದನ್ನು ಎತ್ತಿ ನೋಡಿ, "ಏನವ್ವಾ ಇದು, ಹಪ್ಪಳ ಸುಟ್ಟೀಯೇನು?" ಅಂದರು.

ನಾನು ಮಾಡಿದ ಒಂದೊಂದು ಕೆಲಸವೂ ಜೋಳಕ್ಕೆ ಸರಿಯಾದದ್ದೇ, ಗೋಧಿಗೆ ತಪ್ಪು. ಎರಡೂ ಉಬ್ಬುವುದು ಒಂದೇ ಕಾರಣಕ್ಕೆ, ಆದರೆ ಅಲ್ಲಿಗೆ ಹೋಗುವ ದಾರಿ ಬೇರೆ. ಆ ಕಾರಣ ತಿಳಿದರೆ ಉಳಿದ ಹಂತಗಳು ತಾವಾಗಿ ಅರ್ಥವಾಗುತ್ತವೆ. ಅದಕ್ಕೇ ಮೊದಲು ಅದನ್ನೇ ಹೇಳುತ್ತೇನೆ.

ಒಳಗೆ ಆಗುವುದೇನು

ಫುಲ್ಕಾ ಉಬ್ಬಿಸುವುದು ಗಾಳಿಯಲ್ಲ, ಹಬೆ. ಸೋಡಾ, ಈಸ್ಟ್ ಯಾವುದೂ ಬೇಕಾಗಿಲ್ಲ. ಹಿಟ್ಟಿಗೆ ನಾವು ಹಾಕಿದ ನೀರೇ ಹಬೆಯಾಗಿ ಅದನ್ನು ಉಬ್ಬಿಸುತ್ತದೆ.

35 ಗ್ರಾಂ ತೂಕದ ಒಂದು ಉಂಡೆಯಲ್ಲಿ ನಾವು ಹಾಕಿದ ನೀರು ಸುಮಾರು 14 ಗ್ರಾಂ ಇರುತ್ತದೆ. ಒಂದೇ ಒಂದು ಗ್ರಾಂ ನೀರು ಕುದಿದು ಹಬೆಯಾದರೆ ಒಂದೂವರೆ ಲೀಟರಿಗೂ ಜಾಸ್ತಿ ಜಾಗ ಬೇಡುತ್ತದೆ. ಪೂರ್ತಿ ಉಬ್ಬಿದ ಫುಲ್ಕಾದ ಹೊಟ್ಟೆಯಲ್ಲಿ ಅಷ್ಟು ಜಾಗವೇ ಇಲ್ಲ. ಅಂದರೆ ನೀರು ಸಾಲದೆ ಫುಲ್ಕಾ ಉಬ್ಬಲಿಲ್ಲ ಅನ್ನುವುದು ಅಪರೂಪ. ಹಬೆ ನಿಲ್ಲಲಿಲ್ಲ, ಇಲ್ಲವೇ ಒಟ್ಟಿಗೆ ಏಳಲಿಲ್ಲ. ಹೆಚ್ಚಿನ ಸಲ ಆಗುವುದು ಇಷ್ಟೇ.

ಹಬೆ ನಿಲ್ಲಬೇಕಾದರೆ ಚೀಲ ಬೇಕು. ಆ ಚೀಲ ತವಾದ ಮೇಲೆ ತಯಾರಾಗುತ್ತದೆ. ಕೆಳಗಿನ ಮೈ ಬೆಂದು ತೆಳುವಾದ ಒಂದು ಪದರ ಆಗುತ್ತದೆ. ಮಗುಚಿದ ಮೇಲೆ ಇನ್ನೊಂದು ಮೈಯೂ ಹಾಗೇ ಆಗುತ್ತದೆ. ನಡುವಿನ ಹಿಟ್ಟು ಮಾತ್ರ ಇನ್ನೂ ಹಸಿ. ಈಗ ಜೋರಾದ ಬಿಸಿ ಬಿದ್ದರೆ ಆ ಹಸಿ ಭಾಗದ ನೀರು ಒಮ್ಮೆಲೇ ಹಬೆಯಾಗಿ, ಮೆತ್ತಗಿರುವ ನಡುವನ್ನೇ ಸೀಳಿಕೊಂಡು ಎರಡು ಪದರಗಳನ್ನು ದೂರ ತಳ್ಳುತ್ತದೆ. ಮಡಚಿ ಲಟ್ಟಿಸದಿದ್ದರೂ ಫುಲ್ಕಾದಲ್ಲಿ ಎರಡು ಪದರ ಬರುವುದು ಹೀಗೆ.

ಪದರ ಗಟ್ಟಿಯಾಗಿರಬೇಕು, ಆದರೆ ಹಿಗ್ಗಬೇಕು. ಎಲ್ಲೂ ತೂತು, ಬಿರುಕು ಇರಬಾರದು. ಕೊನೆಯ ಬಿಸಿ ಸರಕ್ಕನೆ ಬೀಳಬೇಕು. ಇನ್ನು ಮುಂದೆ ಹೇಳುವ ಎಲ್ಲವೂ ಈ ಚೀಲ ಕಾಪಾಡುವ ಉಪಾಯಗಳೇ.

ಹಿಟ್ಟು ಕಲಸುವುದು

12 ಫುಲ್ಕಾಕ್ಕೆ 250 ಗ್ರಾಂ ಗೋಧಿ ಹಿಟ್ಟು ತೆಗೆದುಕೊಳ್ಳಿ. ಕಪ್ಪಿನ ಲೆಕ್ಕದಲ್ಲಿ ಸುಮಾರು ಎರಡು ಕಪ್ಪು. ನೀರು 165ರಿಂದ 180 ಮಿಲಿ. ಉಪ್ಪು ಬೇಕಾದರೆ ಒಂದು ಚಿಟಿಕೆ, ಬಿಟ್ಟರೂ ಉಬ್ಬುವುದಕ್ಕೆ ತೊಂದರೆ ಇಲ್ಲ. ಎಣ್ಣೆ ಹಾಕಬೇಡಿ. ಎಣ್ಣೆ ಹಾಕಿದರೆ ಉಬ್ಬುವುದೇ ಇಲ್ಲ ಅಂತಲ್ಲ, ಫುಲ್ಕಾಕ್ಕೆ ಅದು ಬೇಕಾಗಿಲ್ಲ ಅಷ್ಟೇ.

ನೀರು ತಣ್ಣಗಿರಲಿ, ಇಲ್ಲವೇ ಉಗುರು ಬೆಚ್ಚಗಿರಲಿ. ನಾನು ಮೊದಲು ಎಡವಿದ್ದು ಇಲ್ಲೇ. ಜೋಳದಲ್ಲಿ ಗೋಧಿಯ ಹಾಗೆ ಎಳೆಯುವ ಅಂಟು ಇಲ್ಲ. ಅದಕ್ಕೇ ಎಸರಿಟ್ಟು ಕುದಿಯುವ ನೀರು ಹಾಕಿ ಜಿಗಿ ಬರಿಸಿಕೊಳ್ಳುತ್ತೇವೆ. ಗೋಧಿಯಲ್ಲಿ ಗ್ಲುಟೆನ್ ಅನ್ನೋ ಅಂಟು ಇದೆ. ನಾದಿದರೆ ಅದು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ, ಆ ಬಲೆಯೇ ಹಿಗ್ಗುವ ಚೀಲ. ಕುದಿಯುವ ನೀರು ಸುರಿದರೆ ಅದರ ಶಕ್ತಿ ಕುಗ್ಗುತ್ತದೆ. ಹಿಟ್ಟು ಮೆತ್ತಗೇನೋ ಆಗುತ್ತದೆ, ಆದರೆ ಎಳೆದರೆ ಹಿಗ್ಗದೆ ಕಿತ್ತು ಬರುತ್ತದೆ.

ಮೊದಲು ನೀರಿನ ಮುಕ್ಕಾಲು ಪಾಲು ಹಾಕಿ ಹಿಟ್ಟನ್ನು ಒಟ್ಟುಗೂಡಿಸಿ. ಉಳಿದದ್ದನ್ನು ಚಮಚ ಚಮಚ ಚಿಮುಕಿಸಿಕೊಳ್ಳುತ್ತಾ ನಾದಿ. ಆರರಿಂದ ಎಂಟು ನಿಮಿಷ, ಅಂಗೈ ಬುಡದಿಂದ ಒತ್ತಿ ಮಡಚಿ ನಾದಬೇಕು. ಹದ ಎಷ್ಟು ಅಂದರೆ, ಪೂರಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಗಟ್ಟಿ. ಬೆರಳು ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ಮೇಲೆ ಬರಬೇಕು, ಬೆರಳಿಗೆ ಅಂಟಬಾರದು. ಎರಡರಲ್ಲಿ ಒಂದು ಕಡೆ ತಪ್ಪುವುದಾದರೆ ಸ್ವಲ್ಪ ಮೆತ್ತಗಿನ ಕಡೆಗೇ ತಪ್ಪಿ. ಗಟ್ಟಿ ಹಿಟ್ಟು ಲಟ್ಟಿಸುವಾಗ ಅಂಚಿನಲ್ಲಿ ಬಿರುಕು ಬಿಡುತ್ತದೆ, ಹಬೆ ಅಲ್ಲಿಂದಲೇ ಹೊರಟುಹೋಗುತ್ತದೆ.

ಗಿರಣಿಯ ಹಿಟ್ಟಿನ ಬಗ್ಗೆ ಎರಡು ಮಾತು. ಸಣ್ಣಗೆ ಬೀಸಲು ಹೇಳಿ. ತವುಡು ದಪ್ಪ ಇದ್ದರೆ ಸಾಣಿಗೆಯಲ್ಲಿ ಒಮ್ಮೆ ಹಿಡಿಯಿರಿ. ದಪ್ಪ ತವುಡಿನ ಚೂರು ತೆಳು ಪದರದಲ್ಲಿ ಸೂಜಿಯಂತೆ ಕೆಲಸ ಮಾಡುತ್ತದೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಜವೆ ಗೋಧಿ ತಂದವರು ನನ್ನನ್ನು ಕೇಳುತ್ತಾರೆ, ಯಾಕೆ ಉಬ್ಬಲ್ಲ ಅಂತ. ಅದರ ಅಂಟು ಮೆದು, ಹೆಚ್ಚು ಎಳೆದರೆ ಹರಿಯುತ್ತದೆ. ಕಲಿಯುವವರೆಗೆ ಮಾಮೂಲಿ ಗೋಧಿಯಲ್ಲೇ ಕಲಿಯಿರಿ, ಅದು ಕೈಗೆ ಹತ್ತಿದ ಮೇಲೆ ಜವೆಗೆ ಹೋಗಿ.

ಅರ್ಧ ಗಂಟೆ ಬಿಡಿ

ಜೋಳದ ಹಿಟ್ಟನ್ನು ಕಲಸಿಟ್ಟು ಕೂತರೆ ಕೆಟ್ಟಿತು. ಒಂದೊಂದು ರೊಟ್ಟಿಗೂ ಆಗಿಂದಾಗ ನಾದಿ ಬಡಿಯಬೇಕು. ಆ ಅಭ್ಯಾಸ ಇರುವವರಿಗೆ ಹಿಟ್ಟು ಮುಚ್ಚಿಟ್ಟು ಸುಮ್ನೆ ಕೂರುವುದು ಕಷ್ಟ. ಆದರೆ ಗೋಧಿಗೆ ಅದೇ ಬೇಕು.

ನಾದಿದ ಕೂಡಲೇ ಗೋಧಿ ಹಿಟ್ಟಿನ ಅಂಟು ಬಿಗಿಯಾಗಿರುತ್ತದೆ. ಲಟ್ಟಿಸಿದರೆ ರಬ್ಬರಿನಂತೆ ಹಿಂದಕ್ಕೆ ಬರುತ್ತದೆ. ನಾವು ಸಿಟ್ಟಿನಿಂದ ಇನ್ನಷ್ಟು ಒತ್ತುತ್ತೇವೆ, ನಡುವೆ ತೆಳುವಾಗಿ ಅಂಚು ದಪ್ಪ ಉಳಿಯುತ್ತದೆ. ಬಿಟ್ಟರೆ ಆ ಬಿಗಿ ಸಡಿಲಾಗುತ್ತದೆ. ಜೊತೆಗೆ ತವುಡು ನಿಧಾನಕ್ಕೆ ನೀರು ಕುಡಿಯುತ್ತದೆ. ಆಗ ನೀರು ಎಲ್ಲ ಕಡೆ ಒಂದೇ ಸಮ ಹರಡುತ್ತದೆ, ಹಬೆಯೂ ಎಲ್ಲ ಕಡೆ ಒಂದೇ ಸಮ ಏಳುತ್ತದೆ. ಕಲಸುವಾಗ ಸ್ವಲ್ಪ ಅಂಟಂಟಾಗಿದ್ದ ಹಿಟ್ಟು ಅರ್ಧ ಗಂಟೆಯ ಮೇಲೆ ನಯವಾಗಿರುವುದು ಇದಕ್ಕೇ.

ಕನಿಷ್ಠ 20 ನಿಮಿಷ, 30 ಆದರೆ ಒಳ್ಳೆಯದು. ಸಾಕಾಯಿತಾ ಅಂತ ತಿಳಿಯಲು ಒಂದು ಉಂಡೆ ಲಟ್ಟಿಸಿ ನೋಡಿ. ಲಟ್ಟಣಿಗೆ ಎತ್ತಿದಾಗ ಅಂಚು ಒಳಕ್ಕೆ ಸರಿದರೆ ಇನ್ನೂ ಹತ್ತು ನಿಮಿಷ ಬಿಡಿ. ಇದ್ದಲ್ಲೇ ಇದ್ದರೆ ಶುರು ಮಾಡಿ.

ನಮ್ಮ ಬೇಸಿಗೆಗೆ ಒಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣಗಾಳಿ. ತೆರೆದಿಟ್ಟ ಹಿಟ್ಟಿನ ಮೇಲೆ ಐದೇ ನಿಮಿಷದಲ್ಲಿ ಸಿಪ್ಪೆ ಕಟ್ಟುತ್ತದೆ. ಆ ಸಿಪ್ಪೆ ಉಂಡೆಯೊಳಗೆ ಸೇರಿದರೆ ಅಲ್ಲೇ ಬಿರುಕು. ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಮುಚ್ಚಿ, ಮೇಲೊಂದು ತಟ್ಟೆ ಇಡಿ. ನೀರು ತೊಟ್ಟಿಕ್ಕುವ ಬಟ್ಟೆ ಬೇಡ, ಮೇಲ್ಮೈ ಲೋಳೆಯಾಗುತ್ತದೆ. ಬೇಸಿಗೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ತಡವಾಗುವುದಿದ್ದರೆ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿ.

ಬಿಟ್ಟ ಹಿಟ್ಟನ್ನು ಮತ್ತೆ ಅರ್ಧ ನಿಮಿಷ ಮಾತ್ರ ನಾದಿ. ಜಾಸ್ತಿ ನಾದಿದರೆ ಸಡಿಲಾದದ್ದು ಮತ್ತೆ ಬಿಗಿಯುತ್ತದೆ.

ಲಟ್ಟಿಸುವುದು

ಹಿಟ್ಟನ್ನು 12 ಭಾಗ ಮಾಡಿ. ಒಂದೊಂದೂ ದೊಡ್ಡ ನಿಂಬೆಹಣ್ಣಿನಷ್ಟು, ತೂಗಿದರೆ ಸುಮಾರು 35 ಗ್ರಾಂ. ಎರಡು ಅಂಗೈ ನಡುವೆ ಒತ್ತಿ ಉರುಳಿಸಿ ನುಣ್ಣಗೆ ಮಾಡಿ. ಉಂಡೆಯಲ್ಲಿ ಇರುವ ಗೀರು, ಮಡಿಕೆ ಲಟ್ಟಿಸಿದರೆ ಮಾಯವಾಗುವುದಿಲ್ಲ, ದೊಡ್ಡದಾಗುತ್ತದೆ.

ಉಂಡೆಯನ್ನು ಚಪ್ಪಟೆ ಮಾಡಿ ಎರಡೂ ಕಡೆ ಒಣ ಹಿಟ್ಟಿನಲ್ಲಿ ಒಮ್ಮೆ ಅದ್ದಿ. ಸಾಧ್ಯವಾದರೆ ಅಷ್ಟರಲ್ಲೇ ಮುಗಿಸಿ, ಹೆಚ್ಚೆಂದರೆ ಇನ್ನೊಂದು ಸಲ. ಜೋಳದ ರೊಟ್ಟಿ ಬಡಿಯುವಾಗ ಕಲ್ಲಿನ ಮೇಲೆ ಧಾರಾಳವಾಗಿ ಹಿಟ್ಟು ಹರಡುತ್ತೇವೆ. ಹಂಚಿಗೆ ಹಾಕಿದ ಮೇಲೆ ನೀರು ಹಚ್ಚಿ ಅದನ್ನು ಒರೆಸಿ ತೆಗೆಯುತ್ತೇವೆ. ಫುಲ್ಕಾಕ್ಕೆ ನೀರು ಹಚ್ಚುವುದಿಲ್ಲ. ಹಾಗಾಗಿ ಜಾಸ್ತಿ ಹಿಟ್ಟು ಹಾಕಿದರೆ ಅದು ಅಲ್ಲೇ ಉಳಿದು, ತವಾದಲ್ಲಿ ಕಪ್ಪಾಗಿ, ಬೆಂಕಿಯಲ್ಲಿ ಕಿಡಿ ಹಾರಿ ಕಹಿಯಾಗುತ್ತದೆ. ತವಾಕ್ಕೆ ಹಾಕುವ ಮುಂಚೆ ಎರಡು ಅಂಗೈ ನಡುವೆ ಪಟಪಟ ಬಡಿದು ಉದುರಿಸಿ.

ಅಳತೆ 15ರಿಂದ 16 ಸೆಂಟಿಮೀಟರ್, ದಪ್ಪ ಎರಡು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ದುಂಡಗೆ ಬರಲಿಲ್ಲ ಅಂತ ಚಿಂತೆ ಬೇಡ. ಭೂಪಟದಂತಿದ್ದರೂ ಉಬ್ಬುತ್ತದೆ, ದಪ್ಪ ಸಮ ಇದ್ದರೆ ಸಾಕು. ಲಟ್ಟಣಿಗೆಯ ಭಾರ ನಡುವಿನಿಂದ ಅಂಚಿನ ಕಡೆಗೆ ಹೋಗಲಿ. ಕೊನೆಗೆ ಹೆಬ್ಬೆರಳು, ತೋರುಬೆರಳಿನಲ್ಲಿ ಅಂಚನ್ನು ಸುತ್ತಲೂ ಒಮ್ಮೆ ಹಿಡಿದು ನೋಡಿ. ದಪ್ಪ ಸಿಕ್ಕ ಕಡೆ ಇನ್ನೊಂದು ಸಲ ಲಟ್ಟಣಿಗೆ ಆಡಿಸಿ. ತೀರಾ ತೆಳು ಮಾಡಿದರೆ ನಡುವೆ ಹಸಿ ಭಾಗವೇ ಉಳಿಯದೆ ಹಪ್ಪಳ ಆಗುತ್ತದೆ, ಇದನ್ನು ನೆನಪಿಡಿ.

ತವಾದ ಬಿಸಿ

ದಪ್ಪ ಕಬ್ಬಿಣದ ತವಾ ಇರಲಿ. ತೆಳು ತವಾ ಬೇಗ ಕಾಯುತ್ತದೆ, ಹಸಿ ಫುಲ್ಕಾ ಬಿದ್ದ ಕೂಡಲೇ ಅಷ್ಟೇ ಬೇಗ ತಣ್ಣಗಾಗುತ್ತದೆ. ನಾನ್‌ಸ್ಟಿಕ್ ತವಾವನ್ನು ಇಷ್ಟು ಜೋರಾಗಿ ಖಾಲಿ ಕಾಯಿಸಬಾರದು, ಅದರ ಲೇಪ ಹಾಳಾಗುತ್ತದೆ.

ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ. ಆಮೇಲೆ ಒಂದೆರಡು ಹನಿ ನೀರು ಚಿಮುಕಿಸಿ. ಹನಿ ಬಿದ್ದಲ್ಲೇ ಕೂತು ಗುಳುಗುಳು ಕುದಿದರೆ ತವಾ ಇನ್ನೂ ಕಾದಿಲ್ಲ. ಮುತ್ತಿನ ಹಾಗೆ ದುಂಡಾಗಿ ಅತ್ತಿತ್ತ ಓಡಾಡಿದರೆ ಕಾದಿದೆ. ಹೆಚ್ಚು ಕಾದಿದೆಯಾ ಅನ್ನುವುದನ್ನು ಈ ಹನಿ ಹೇಳುವುದಿಲ್ಲ, ಅದಕ್ಕೆ ಒಣ ಹಿಟ್ಟು ಬೇಕು. ಒಂದು ಚಿಟಿಕೆ ಉದುರಿಸಿ. ಮನಸ್ಸಿನಲ್ಲೇ ಐದಾರು ಎಣಿಸುವುದರೊಳಗೆ ಕಂದು ಬಣ್ಣಕ್ಕೆ ತಿರುಗಿದರೆ ಸರಿ. ಬಿದ್ದ ಕೂಡಲೇ ಕಪ್ಪಾಗಿ ಹೊಗೆ ಎದ್ದರೆ ಜಾಸ್ತಿ ಆಗಿದೆ. ಉರಿ ತಗ್ಗಿಸಿ, ಒದ್ದೆ ಬಟ್ಟೆಯಿಂದ ಬೇಗ ಒಮ್ಮೆ ಒರೆಸಿ. ಹಿಟ್ಟು ಒರೆಸಿ ತೆಗೆದ ಮೇಲೇ ಫುಲ್ಕಾ ಹಾಕಿ.

ಇನ್ನು ಸಮಯ. ಫುಲ್ಕಾವನ್ನು ಮಡಿಕೆ ಬೀಳದ ಹಾಗೆ ಹರಡಿ ಹಾಕಿ. ಮೊದಲ ಮೈಗೆ 10ರಿಂದ 15 ಸೆಕೆಂಡು ಸಾಕು. ಮೇಲಿನ ಬಣ್ಣ ಸ್ವಲ್ಪ ಮಾಸಿ, ಅಲ್ಲಲ್ಲಿ ಸಣ್ಣ ಗುಳ್ಳೆ ಏಳಲು ಶುರುವಾದಾಗ ಮಗುಚಿ. ಮೊದಲ ಮೈಯಲ್ಲಿ ಕಂದು ಚುಕ್ಕೆ ಬರುವವರೆಗೆ ಕಾಯಬೇಡಿ. ಇದು ಇಡೀ ಕೆಲಸದಲ್ಲಿ ಹೆಚ್ಚು ಜನ ತಪ್ಪುವ ಜಾಗ. ಈ ಮೈ ಕೊನೆಯಲ್ಲಿ ಬೆಂಕಿಗೆ ಹೋಗಿ ಹಿಗ್ಗಬೇಕಾದದ್ದು. ತವಾದಲ್ಲೇ ಅದು ಬಿರುಸಾದರೆ ಬೆಂಕಿಯಲ್ಲಿ ಹಿಗ್ಗದು.

ಎರಡನೇ ಮೈಗೆ ಮೊದಲಿನದರ ಎರಡರಷ್ಟು, 30 ಸೆಕೆಂಡಿನ ಆಸುಪಾಸು ಕೊಡಿ. ಅಂಚು ಎತ್ತಿ ನೋಡಿದರೆ ಕೆಳಗೆ ತುಂಬ ಕಡೆ ತಿಳಿ ಕಂದು ಚುಕ್ಕೆ ಇರಬೇಕು. ಮೇಲೆ ಗುಳ್ಳೆಗಳು ದೊಡ್ಡದಾಗುತ್ತಿರುತ್ತವೆ. ಗುಳ್ಳೆ ಕಂಡ ಕೂಡಲೇ ಮಗುಚೋ ಕೈಯಿಂದ ಒತ್ತುವ ಚಟ ಕೆಲವರಿಗೆ. ಅದರ ಚೂಪು ಅಂಚು ತಾಗಿದರೆ ತೂತು ಗ್ಯಾರಂಟಿ.

ನೇರ ಬೆಂಕಿ

ಎರಡು ಒಲೆ ಇದ್ದರೆ ತವಾ ಒಂದರ ಮೇಲೆ, ಇನ್ನೊಂದನ್ನು ಬೆಂಕಿಗೆ ಬಿಡಿ. ತವಾ ಎತ್ತಿ ಇಟ್ಟು ಅದೇ ಒಲೆಯಲ್ಲಿ ಉಬ್ಬಿಸಿದರೆ ತವಾ ಪ್ರತಿ ಸಲ ತಣ್ಣಗಾಗುತ್ತದೆ. ಬೆಂಕಿಯ ಒಲೆಯನ್ನು ಫುಲ್ಕಾ ಎತ್ತುವ ಮೊದಲೇ ಜೋರು ಮಾಡಿಡಿ. ಎತ್ತಿದ ಮೇಲೆ ಗುಂಡಿ ತಿರುಗಿಸುತ್ತಾ ನಿಂತರೆ ಒಳಗಿನ ಬಿಸಿ ಇಳಿದುಹೋಗುತ್ತದೆ.

ಉರಿ ನೀಲಿಯಾಗಿರಬೇಕು. ಹಳದಿ ಉರಿ ಬಂದರೆ ಬರ್ನರ್ ತೂತು ಕಟ್ಟಿಕೊಂಡಿರಬಹುದು, ಫುಲ್ಕಾಕ್ಕೆ ಮಸಿ ಹತ್ತುತ್ತದೆ. ಮೊದಲು ಬರ್ನರ್ ಸ್ವಚ್ಛ ಮಾಡಿ.

ಚಿಮಟದಲ್ಲಿ ಅಂಚು ಮಾತ್ರ ಮೆಲ್ಲಗೆ ಹಿಡಿದು ಎತ್ತಿ. ತವಾದಲ್ಲಿ ಮೊದಲು ಬೆಂದ, ಅಂದರೆ ಕಡಿಮೆ ಬೆಂದ ಮೈ ಬೆಂಕಿಯ ಕಡೆಗೆ ಬರಬೇಕು. ಬರ್ನರ್‌ಗೆ ತಾಗಿಸದೆ, ಒಲೆಯ ಕಾಲಿನ ಮೇಲೆ ಅಥವಾ ಜಾಳಿಯ ಮೇಲೆ ಹಾಕಿ. ಮೂರರಿಂದ ಐದು ಸೆಕೆಂಡಿನಲ್ಲಿ ಒಂದು ಮೂಲೆಯಿಂದ ಉಬ್ಬಲು ಶುರುವಾಗಿ ಹಬೆ ಇಡೀ ಫುಲ್ಕಾಕ್ಕೆ ಓಡುತ್ತದೆ. ಒಂದು ಕಡೆ ಮಾತ್ರ ಉಬ್ಬಿ ನಿಂತರೆ, ಉಬ್ಬದ ಕಡೆಯನ್ನು ಉರಿಯ ಮೇಲಕ್ಕೆ ಸರಿಸಿ. ಮಗುಚಿ ಇನ್ನೊಂದೆರಡು ಸೆಕೆಂಡು ಹಿಡಿದು ತೆಗೆಯಿರಿ. ಒಟ್ಟು ಹತ್ತು ಸೆಕೆಂಡು ದಾಟಿದರೆ ಒಣಗುತ್ತದೆ. ಕಂದು ಚುಕ್ಕೆ ಚೆಂದ, ಕಪ್ಪು ಬೇಡ.

ಉಬ್ಬುತ್ತಿರುವ ಫುಲ್ಕಾದ ಮೇಲೆ ಬಗ್ಗಬೇಡಿ. ಎಲ್ಲೋ ಸಣ್ಣ ತೂತಾದರೆ ಹಬೆ ಪಿಚಕಾರಿಯ ಹಾಗೆ ಹೊರಬರುತ್ತದೆ. ನನ್ನ ಮಣಿಕಟ್ಟಿನ ಮೇಲೆ ಅದರ ಗುರುತು ಇದೆ. ಸೀರೆ ಸೆರಗು, ದುಪಟ್ಟಾ ಬಿಗಿದು ಸಿಕ್ಕಿಸಿಕೊಳ್ಳಿ.

ಒಂದು ಸಂಜೆಯ ಲೆಕ್ಕ

ಹಿಟ್ಟಿನ ಹದ ಕೈಗೆ ಬಂದ ಮೇಲೂ ನನಗೆ ಎಲ್ಲವೂ ಉಬ್ಬುತ್ತಿರಲಿಲ್ಲ. ಒಂದು ಸಂಜೆ 12ರಲ್ಲಿ ಆರು ಮಾತ್ರ ಉಬ್ಬಿದವು. ನನ್ನ ಅದೃಷ್ಟಕ್ಕೆ ಬಾಜೂ ಮನೆಯ ಅಕ್ಕೋರು ಬಂದು ಕೂತಿದ್ದರು. ಅವರು ಬೀದರದವರು, ದಿನಾ ಫುಲ್ಕಾ ಮಾಡುವವರು. ಉಬ್ಬದ್ದನ್ನು ಬಿಸಾಡದೆ ಕ್ರಮವಾಗಿ ಸಾಲಾಗಿ ಇಡಲು ಹೇಳಿದರು.

ಮೊದಲ ಮೂರು ಉಬ್ಬಿರಲಿಲ್ಲ. ಅವು ಬೆಳ್ಳಗೆ, ಬಿರುಸಾಗಿ, ಮುರಿದರೆ ಚಟ್ ಅನ್ನುವ ಹಾಗಿದ್ದವು. ನಾಲ್ಕರಿಂದ ಒಂಬತ್ತರವರೆಗೆ ಆರೂ ಚೆಂದ ಉಬ್ಬಿದ್ದವು. ಕೊನೆಯ ಮೂರು ಮತ್ತೆ ಉಬ್ಬಿರಲಿಲ್ಲ. ಆದರೆ ಇವು ಬೆಳ್ಳಗಿರಲಿಲ್ಲ, ಕಂದು ಚುಕ್ಕೆ ಸರಿಯಾಗೇ ಬಂದಿತ್ತು. ಅಂಚಿನಲ್ಲಿ ಮಾತ್ರ ಕೂದಲೆಳೆಯ ಬಿರುಕು.

"ಮೊದಲಿನ ಮೂರು ತವಾದ ತಪ್ಪು, ಕಡೀವು ಮೂರು ಫ್ಯಾನಿನ ತಪ್ಪು" ಅಂದರು ಅವರು.

ಯೋಚಿಸಿದರೆ ಸರಿಯೇ. ತವಾ ಇಟ್ಟು ಎರಡು ನಿಮಿಷಕ್ಕೇ ನಾನು ಮೊದಲನೆಯದನ್ನು ಹಾಕಿದ್ದೆ. ತಣ್ಣಗಿನ ತವಾದಲ್ಲಿ ಬಣ್ಣ ಬದಲಾಗಲು ಒಂದು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಅಷ್ಟು ಹೊತ್ತೂ ನೀರು ಸದ್ದಿಲ್ಲದೆ ಆರಿಹೋಗುತ್ತಿತ್ತು. ಬೆಂಕಿಗೆ ಹೋಗುವಷ್ಟರಲ್ಲಿ ನಡುವೆ ಹಸಿ ಇರಲಿಲ್ಲ. ಮೂರನೆಯದು ಮುಗಿಯುವ ಹೊತ್ತಿಗೆ ತವಾ ತಾನಾಗಿ ಕಾದಿತ್ತು, ನಾಲ್ಕನೆಯದು ಉಬ್ಬಿತು.

ಕೊನೆಯ ಮೂರನ್ನು ನಾನು ಮೊದಲೇ ಲಟ್ಟಿಸಿ ಪೇಪರಿನ ಮೇಲೆ ಹರಡಿಟ್ಟಿದ್ದೆ, ಕೆಲಸ ಬೇಗ ಆಗಲಿ ಅಂತ. ಮೇಲೆ ಫ್ಯಾನ್ ತಿರುಗುತ್ತಿತ್ತು. ಹತ್ತು ನಿಮಿಷದಲ್ಲಿ ಅಂಚು ಒಣಗಿ, ಎತ್ತುವಾಗ ಬಿರುಕು ಬಿಟ್ಟಿತ್ತು. ಹಬೆ ಎದ್ದಿತ್ತು, ಆದರೆ ಅಂಚಿನಿಂದ ಸೋರಿಹೋಗಿತ್ತು. ಬೆಂಕಿಗೆ ಹಾಕಿದಾಗ ಸುಯ್ ಅನ್ನುವ ಸಣ್ಣ ಸದ್ದು ಬಂದದ್ದು ಅದಕ್ಕೇ. ಆ ಸದ್ದು ಕೇಳಿದರೆ ತೂತು ಹುಡುಕಿ. ಚಿಮಟದಲ್ಲಿ ತೂತಿರುವ ಜಾಗವನ್ನು ಒತ್ತಿ ಹಿಡಿದರೆ ಕೆಲವು ಸಲ ಉಳಿದ ಭಾಗ ಉಬ್ಬುತ್ತದೆ.

ಮರುದಿನ ಎರಡೇ ಬದಲಾವಣೆ ಮಾಡಿದೆ. ತವಾ ಐದು ನಿಮಿಷ ಕಾಯಿಸಿದೆ. ಒಂದು ತವಾದಲ್ಲಿರುವಾಗ ಮುಂದಿನದು ಒಂದನ್ನು ಮಾತ್ರ ಲಟ್ಟಿಸಿದೆ, ಉಳಿದ ಉಂಡೆ ಒದ್ದೆ ಬಟ್ಟೆಯಡಿ ಇದ್ದವು. 12ರಲ್ಲಿ 11 ಉಬ್ಬಿದವು. ಉಳಿದ ಒಂದು ಚಿಮಟ ಚುಚ್ಚಿ ಹೋಯಿತು.

ಹೀಗೆ ಯಾವುದು ಕೆಟ್ಟಿತು ಅಂತ ತಿಳಿಯಲು ಉಬ್ಬದ ಫುಲ್ಕಾವನ್ನು ಹರಿದು ನೋಡುವುದೇ ಒಳ್ಳೆಯ ಉಪಾಯ. ನಡು ಎರಡಾಗಿ ಬಿಟ್ಟುಕೊಂಡು ಅಂಚು ಮಾತ್ರ ಅಂಟಿ ಹಸಿಯಾಗಿದ್ದರೆ ಅಂಚು ದಪ್ಪ ಉಳಿದಿತ್ತು. ಎಲ್ಲೂ ಬಿಟ್ಟುಕೊಳ್ಳದೆ ಇಡೀ ಒಣಗಿದ್ದರೆ ತವಾ ತಣ್ಣಗಿತ್ತು, ಇಲ್ಲವೇ ತೀರಾ ತೆಳುವಾಗಿತ್ತು. ಹೊರಗೆ ಕಪ್ಪು ಚುಕ್ಕೆ, ಒಳಗೆ ಹಸಿ ಹಿಟ್ಟಿನ ವಾಸನೆ ಇದ್ದರೆ ತವಾ ಹೆಚ್ಚು ಕಾದಿತ್ತು. ಎಲ್ಲ ಕಡೆ ಸಣ್ಣ ಸಣ್ಣ ಗುಳ್ಳೆ, ಒಂದೂ ಒಂದಕ್ಕೊಂದು ಸೇರಿಲ್ಲ ಅಂದರೆ ಹಿಟ್ಟು ಗಟ್ಟಿಯಾಗಿತ್ತು ಅಥವಾ ಸಾಕಷ್ಟು ಬಿಟ್ಟಿರಲಿಲ್ಲ.

ಬೆಂಕಿ ಇಲ್ಲದವರು

ಇಂಡಕ್ಷನ್ ಒಲೆ ಇರುವ ಮನೆಯಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಉರಿ ಇರುವುದಿಲ್ಲ. ಅಲ್ಲಿ ತವಾದ ಮೇಲೇ ಉಬ್ಬಿಸಬೇಕು. ಮೊದಲ ಎರಡು ಹಂತ ಹಾಗೇ ಮಾಡಿ. ಎರಡನೇ ಮೈ ಬೆಂದ ಮೇಲೆ ಮತ್ತೆ ಮಗುಚಿ, ನಾಲ್ಕು ಮಡಿಕೆ ಮಾಡಿದ ಹತ್ತಿ ಬಟ್ಟೆಯಿಂದ ಅಂಚನ್ನು ಮೆಲ್ಲಗೆ ಒತ್ತುತ್ತಾ ತಿರುಗಿಸಿ. ಒತ್ತಿದ ಕಡೆ ಮೈ ತವಾಕ್ಕೆ ತಾಗಿ ಬಿಸಿ ಜಾಸ್ತಿ ಸಿಗುತ್ತದೆ, ಅಲ್ಲಿ ಎದ್ದ ಹಬೆ ಪಕ್ಕಕ್ಕೆ ತಳ್ಳುತ್ತಾ ಹೋಗುತ್ತದೆ. ಗಟ್ಟಿಯಾಗಿ ಒತ್ತಿದರೆ ಎರಡು ಪದರ ಮತ್ತೆ ಅಂಟಿಕೊಳ್ಳುತ್ತವೆ. ಹೀಗೆ ಮಾಡಿದ್ದೂ ಪೂರ್ತಿ ಉಬ್ಬುತ್ತದೆ. ಸುಟ್ಟ ಘಮ ಇರಲ್ಲ, ಅದೊಂದೇ ಕೊರತೆ.

ಮತ್ತೆ ಜೋಳಕ್ಕೆ

ಫುಲ್ಕಾ ಕಲಿತ ಮೇಲೆ ನನ್ನ ಜೋಳದ ರೊಟ್ಟಿಯೂ ಸುಧಾರಿಸಿತು, ಇದು ನಾನು ಎಣಿಸಿರಲಿಲ್ಲ. ಅಲ್ಲಿ ಮೇಲೆ ನೀರು ಯಾಕೆ ಹಚ್ಚುತ್ತೇವೆ ಅಂತ ಮೊದಲ ಸಲ ಅರ್ಥವಾಯಿತು. ಜೋಳದ ಹಿಟ್ಟು ಹಿಗ್ಗುವ ಬಲೆ ಕಟ್ಟುವುದಿಲ್ಲ. ಬಡಿಯುವಾಗಲೇ ಕಣ್ಣಿಗೆ ಕಾಣದ ಬಿರುಕು ಬಿದ್ದಿರುತ್ತವೆ. ಹಚ್ಚಿದ ನೀರು ಒಣ ಹಿಟ್ಟನ್ನು ತೊಳೆದು, ಆ ಬಿರುಕನ್ನು ಮೆತ್ತಿ ಮುಚ್ಚುತ್ತದೆ. ನೀರು ಇನ್ನೂ ಪಸೆಯಾಗಿರುವಾಗಲೇ, ಪೂರ್ತಿ ಆರುವ ಮುಂಚೆ ಮಗುಚಬೇಕು. ನಾನು ಮೊದಲು ಆರಿದ ಮೇಲೆ ಮಗುಚುತ್ತಿದ್ದೆ, ಆಗ ಮತ್ತೆ ಬಿರುಕು ಬಿಡುತ್ತಿತ್ತು.

ಕಟ್ಟಿಗೆ ಒಲೆಯಲ್ಲಿ ಅತ್ತೆ ರೊಟ್ಟಿಯನ್ನು ಹಂಚಿನಿಂದ ತೆಗೆದು ಒಲೆಯ ಬಾಯಿಗೆ, ಕೆಂಡದ ಎದುರಿಗೆ ಒರಗಿಸಿ ನಿಲ್ಲಿಸುತ್ತಿದ್ದರು. ಅದೂ ನೇರ ಬೆಂಕಿಯೇ, ಆದರೆ ಪಕ್ಕದಿಂದ ಬರುವ ಮೆದು ಬಿಸಿ. ಗ್ಯಾಸಿನ ಜೋರು ಉರಿಗೆ ಜೋಳದ ರೊಟ್ಟಿಯನ್ನು ಫುಲ್ಕಾದಂತೆ ಹಾಕಿದರೆ ಉಬ್ಬುವ ಮೊದಲೇ ಒಂದು ಕಡೆ ಸುಡುತ್ತದೆ. ಮಧ್ಯಮ ಉರಿಯಲ್ಲಿ, ಜಾಳಿಯ ಮೇಲೆ, ಸುತ್ತಿಸುತ್ತಾ ಇರಿ. ಕಲಸಿದ ಹಿಟ್ಟನ್ನು ಗೋಧಿಯ ಹಾಗೆ ಮುಚ್ಚಿ ಬಿಡುವುದು ಮಾತ್ರ ಬೇಡವೇ ಬೇಡ. ಹಳೆಯ ಹಿಟ್ಟಾದರೆ ಎಸರು ಎಷ್ಟು ಕೊಟ್ಟರೂ ಜಿಗಿ ಬರುವುದಿಲ್ಲ. ಹೊಸದಾಗಿ ಬೀಸಿಸಿಕೊಂಡು ಬರುವುದೇ ದಾರಿ.

ಉಬ್ಬಿದ ಮೇಲೆ

ಬೆಂಕಿಯಿಂದ ತೆಗೆದ ಫುಲ್ಕಾವನ್ನು ಬುಟ್ಟಿಯಲ್ಲಿ ಹತ್ತಿ ಬಟ್ಟೆಯ ಮೇಲೆ ಹಾಕಿ, ಅಂಗೈಯಿಂದ ಮೆಲ್ಲಗೆ ತಟ್ಟಿ ಹಬೆ ಬಿಡಿ. ತುಪ್ಪ ಸವರುವುದಿದ್ದರೆ ಆಗಲೇ ಸವರಿ. ಬಟ್ಟೆಯ ಅಂಚು ಮಡಚಿ ಮುಚ್ಚಿ. ಬಟ್ಟೆ ಇಲ್ಲದೆ ಸ್ಟೀಲ್ ಡಬ್ಬಿಯಲ್ಲಿ ಬಿಸಿಬಿಸಿಯಾಗೇ ಮುಚ್ಚಿದರೆ ಹಬೆ ಮುಚ್ಚಳದಲ್ಲಿ ನೀರಾಗಿ ಇಳಿದು, ಮೇಲಿನ ಎರಡು ಫುಲ್ಕಾ ತೊಯ್ದು ಹೋಗುತ್ತವೆ. ತೆರೆದೇ ಬಿಟ್ಟರೆ ಹತ್ತು ನಿಮಿಷದಲ್ಲಿ ಚರ್ಮದಂತಾಗುತ್ತವೆ.

ಉಳಿದ ಹಿಟ್ಟಿನ ಮೇಲೆ ಒಂದೆರಡು ಹನಿ ಎಣ್ಣೆ ಸವರಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ಗೆ ಇಟ್ಟರೆ ಮರುದಿನಕ್ಕೆ ಬರುತ್ತದೆ. ಬಣ್ಣ ಸ್ವಲ್ಪ ಕಪ್ಪಾಗಬಹುದು, ಹುಳಿ ವಾಸನೆ ಬಂದರೆ ಮಾತ್ರ ಬಿಸಾಡಿ. ತೆಗೆದ ಕೂಡಲೇ ಲಟ್ಟಿಸಬೇಡಿ. ತಣ್ಣಗಿನ ಹಿಟ್ಟು ಬಿಗಿಯಾಗಿರುತ್ತದೆ, ನಡುವಿನ ನೀರು ಕಾಯುವ ಹೊತ್ತಿಗೆ ಹೊರಗಿನ ಮೈ ಒಣಗಿರುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಕೈಗೆ ತಂಪು ತಾಗದ ಹಾಗಾದ ಮೇಲೆ ಉಂಡೆ ಮಾಡಿ. ನಮ್ಮ ಮೇ ತಿಂಗಳ ಅಡುಗೆಮನೆಯಲ್ಲಿ ಹದಿನೈದು ನಿಮಿಷ ಸಾಕಾಗುತ್ತದೆ.